ಒಂದೇ ಹಾಳೆಯಲ್ಲಿ ಎರಡು ತೂಕ: ಬಿಎಸ್‌ಎ, ಬಿಎಂಐ, ದ್ರವದ ಲೆಕ್ಕ ತಾಳೆಯಾಗದಿದ್ದಾಗ

ಪ್ರಶ್ನೆ: ಡಾಕ್ಟರೇ, ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಿನ್ನೆ ಏಳು ವರ್ಷದ ಹುಡುಗಿಯೊಬ್ಬಳು ನೆಫ್ರಾಟಿಕ್ ಸಿಂಡ್ರೋಮ್ ಎಂದು ದಾಖಲಾದಳು. ಮುಖ, ಕಾಲು ಊದಿಕೊಂಡಿವೆ. ಕಂಪ್ಯೂಟರಿನಿಂದ ಬಂದ ಕೇಸ್ ಶೀಟಿನಲ್ಲಿ ತೂಕ 21.6 ಕೆಜಿ, ಎತ್ತರ 118 ಸೆಂ.ಮೀ., ಬಿಎಸ್‌ಎ 0.79, ಬಿಎಂಐ 15.5, ದಿನದ ದ್ರವದ ಅಗತ್ಯ 1450 ಮಿ.ಲೀ. ಎಂದಿದೆ. ಮೊಬೈಲಿನಲ್ಲಿ ನಾನೇ ಲೆಕ್ಕ ಹಾಕಿದರೆ ಬಿಎಂಐ ಸರಿಯಾಗಿ ಬರುತ್ತದೆ, ಆದರೆ ಬಿಎಸ್‌ಎ 0.84, ದ್ರವ 1532 ಬರುತ್ತದೆ. ಡ್ಯೂಟಿ ಡಾಕ್ಟರರನ್ನು ಕೇಳಿದರೆ "ಬೇರೆ ಸೂತ್ರ ಬಳಸಿರುತ್ತದೆ, ಕಂಪ್ಯೂಟರ್ ಹೇಳಿದ್ದನ್ನೇ ಬರೆಯಿರಿ" ಎಂದರು. ಯಾವುದು ಸರಿ? ನಾನು ತಿದ್ದಬೇಕೇ?

ಉತ್ತರ: ಸಿಸ್ಟರ್, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಕಂಪ್ಯೂಟರಿನ ಗುಣಾಕಾರ ಭಾಗಾಕಾರದಲ್ಲೂ ತಪ್ಪಿಲ್ಲ. ಆ ಹಾಳೆಯಲ್ಲಿ ಎರಡು ಬೇರೆ ಬೇರೆ ತೂಕಗಳು ಕುಳಿತಿವೆ. ಒಂದು ಮಾತ್ರ ಕಣ್ಣಿಗೆ ಕಾಣುತ್ತದೆ. ಇನ್ನೊಂದನ್ನು ಹೊರಗೆಳೆಯುವುದು ಹೇಗೆಂದು ಮೊದಲು ಹೇಳುತ್ತೇನೆ. ಆದರೆ ತಿದ್ದುವ ಕೆಲಸಕ್ಕೆ ಈಗಲೇ ಕೈಹಾಕಬೇಡಿ, ಏಕೆಂದರೆ ಹೊಸ ತೂಕ ಹಾಕಿ ಎಲ್ಲವನ್ನೂ "ಸರಿ" ಮಾಡಿದರೆ ಈ ಮಗುವಿನ ಮಟ್ಟಿಗೆ ಹಾಳೆ ಇನ್ನಷ್ಟು ದಾರಿ ತಪ್ಪಿಸುವ ಸಾಧ್ಯತೆಯಿದೆ.

ಮೊದಲು "ಬೇರೆ ಸೂತ್ರ" ಎಂಬ ಮಾತನ್ನು ನೋಡೋಣ. ಇದು ವಾರ್ಡುಗಳಲ್ಲಿ ಬಹಳ ಕೇಳಿಬರುವ ಸಮಾಧಾನ. ದೇಹದ ಮೇಲ್ಮೈ ವಿಸ್ತೀರ್ಣಕ್ಕೆ ಸೂತ್ರಗಳು ಹಲವು ಇರುವುದು ನಿಜ. 1916ರಲ್ಲಿ ಡುಬಾಯ್ಸ್ ಅವರದು ಬಂತು, 1978ರಲ್ಲಿ ಮಕ್ಕಳನ್ನೂ ಸೇರಿಸಿಕೊಂಡು ಹೇಕಾಕ್ ಅವರದು, 1987ರಲ್ಲಿ ಮೋಸ್ಟೆಲರ್ ಅವರ ಸರಳ ವರ್ಗಮೂಲದ ಸೂತ್ರ. ಇಂದು ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಕೊನೆಯದು. ನೀವು ಮೊಬೈಲಿನಲ್ಲಿ ಹಾಕಿದ್ದೂ ಬಹುಶಃ ಅದೇ.

```
BSA = √(ಎತ್ತರ ಸೆಂ.ಮೀ. × ತೂಕ ಕೆಜಿ ÷ 3600)
BMI = ತೂಕ ಕೆಜಿ ÷ (ಎತ್ತರ ಮೀ. × ಎತ್ತರ ಮೀ.)
```

118 ಮತ್ತು 21.6 ಅನ್ನು ಈ ಮೂರೂ ಸೂತ್ರಗಳಿಗೆ ಹಾಕಿ ನೋಡಿದೆ. ಎರಡು ದಶಮಾಂಶಕ್ಕೆ ದುಂಡಗಾಗಿಸಿದರೆ ಮೂರರಲ್ಲೂ 0.84 ಬರುತ್ತದೆ. ಎಳೆಯ ಶಿಶುಗಳಲ್ಲಿ ಡುಬಾಯ್ಸ್ ಸೂತ್ರ ತುಸು ಕಡಿಮೆ ತೋರಿಸುತ್ತದೆ: ನಾಲ್ಕು ಕೆಜಿಯ ಕೂಸಿನಲ್ಲಿ ಶೇ 5ರಷ್ಟು ಅಂತರ ಬರಬಹುದು. ಏಳು ವರ್ಷದ ಮಗುವಿನಲ್ಲಿ ಆ ಅಂತರ ಇಲ್ಲವೆನ್ನುವಷ್ಟು ಸಣ್ಣದು. ಹಾಗಾಗಿ 0.84ರ ಜಾಗದಲ್ಲಿ 0.83 ಅಥವಾ 0.85 ಕಂಡರೆ ಸೂತ್ರ, ದುಂಡಗಾಗಿಸುವಿಕೆ ಎಂದು ಬಿಡಬಹುದು. 0.79 ಕಂಡರೆ ಬಿಡಲಾಗದು. ಅದು ಶೇ 6ರಷ್ಟು ಕಡಿಮೆ, ಮತ್ತು ಅದರ ಹಿಂದೆ ಇರುವ ವ್ಯತ್ಯಾಸ ಅದರ ಎರಡರಷ್ಟು. ಏಕೆಂಬುದು ಮುಂದೆ ತಿಳಿಯುತ್ತದೆ.

ಮೊಬೈಲಿನಲ್ಲಿ ವರ್ಗಮೂಲದ ಗುಂಡಿ ಸಿಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಪರಿಶೀಲನೆಗೆ ಹಿಂದಿನಿಂದ ಹೋಗುವುದೇ ಸುಲಭ. ಎತ್ತರವನ್ನು ತೂಕದಿಂದ ಗುಣಿಸಿ 3600ರಿಂದ ಭಾಗಿಸಿ: 118 × 21.6 = 2548.8, ಭಾಗಿಸಿದರೆ 0.708. ಈಗ ಹಾಳೆಯಲ್ಲಿರುವ ಬಿಎಸ್‌ಎಯನ್ನು ಅದರಿಂದಲೇ ಗುಣಿಸಿ: 0.79 × 0.79 = 0.624. ಇವೆರಡೂ ಸಮವಾಗಬೇಕಿತ್ತು, ಆಗಿಲ್ಲ. 0.84 × 0.84 ಮಾಡಿದರೆ 0.7056, ಹತ್ತಿರ ಬಂತು. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಇನ್ನು ಅಡಗಿರುವ ತೂಕವನ್ನು ಹಿಡಿಯೋಣ. ಇದಕ್ಕೆ ಅತ್ಯಂತ ಒಳ್ಳೆಯ ಸುಳಿವು ದ್ರವದ ಅಂಕಿ, ಏಕೆಂದರೆ ಅದರಲ್ಲಿ ಎತ್ತರಕ್ಕೆ ಪಾತ್ರವೇ ಇಲ್ಲ. ತೂಕ ಒಂದೇ ಸಾಕು. 1957ರಲ್ಲಿ ಹಾಲಿಡೇ ಮತ್ತು ಸೆಗರ್ ಎಂಬ ಇಬ್ಬರು ವೈದ್ಯರು ಕೊಟ್ಟ ಲೆಕ್ಕ ನಿಮಗೆ ಬಾಯಿಪಾಠವೇ ಇರುತ್ತದೆ: ಮೊದಲ 10 ಕೆಜಿಗೆ ಕೆಜಿಗೆ 100 ಮಿ.ಲೀ., ಮುಂದಿನ 10 ಕೆಜಿಗೆ 50, ಇಪ್ಪತ್ತು ದಾಟಿದ ಪ್ರತಿ ಕೆಜಿಗೆ 20. ಇದನ್ನೇ ಹಿಮ್ಮುಖವಾಗಿ ಓದಿ. 1450ರಲ್ಲಿ ಮೊದಲ ಹತ್ತು ಕೆಜಿಯ 1000 ಕಳೆದರೆ 450 ಉಳಿಯಿತು. ಅದನ್ನು 50ರಿಂದ ಭಾಗಿಸಿದರೆ 9. ಹತ್ತು ಮತ್ತು ಒಂಬತ್ತು ಸೇರಿ 19.0 ಕೆಜಿ.

ಇದು ಕಾಕತಾಳೀಯವೋ ಎಂದು ಬಿಎಸ್‌ಎಯನ್ನು ಕೇಳೋಣ. 0.79ರ ವರ್ಗವನ್ನು 3600ರಿಂದ ಗುಣಿಸಿ 118ರಿಂದ ಭಾಗಿಸಿದರೆ 19.04 ಬರುತ್ತದೆ. ಹಾಳೆಯಲ್ಲಿ ಎರಡೇ ದಶಮಾಂಶ ಇರುವುದರಿಂದ ನಿಜವಾದ ಬಿಎಸ್‌ಎ 0.785ರಿಂದ 0.795ರ ನಡುವೆ ಎಲ್ಲಿದ್ದರೂ ಆಗಬಹುದು. ಅಂದರೆ ತೂಕ 18.8ರಿಂದ 19.3 ಕೆಜಿ. ದ್ರವದ ಅಂಕಿ ಹೇಳಿದ 19.0 ಅದರೊಳಗೇ ಬಿತ್ತು. ಇಬ್ಬರು ಸಾಕ್ಷಿಗಳು ಒಂದೇ ತೂಕವನ್ನು ಹೇಳುತ್ತಿದ್ದಾರೆ. ಬಿಎಂಐ ಮಾತ್ರ 21.6ರ ಪರ: 1.18ರ ವರ್ಗ 1.3924, ಭಾಗಿಸಿದರೆ 15.5. ಅದೇ 19.0 ಹಾಕಿದ್ದರೆ 13.6 ಬರಬೇಕಿತ್ತು.

ಇಲ್ಲಿ ಇನ್ನೊಂದು ಸಂದೇಹವನ್ನು ತಳ್ಳಿಹಾಕಬೇಕು. ತೂಕ ಹೊಸದೇ ಇದ್ದು ಎತ್ತರ ಹಳೆಯದಾಗಿದ್ದರೆ? 21.6 ಕೆಜಿಗೆ 0.79 ಬರಬೇಕೆಂದರೆ ಎತ್ತರ 104 ಸೆಂ.ಮೀ. ಆಗಬೇಕು. ನಾಲ್ಕು ವರ್ಷದ ಮಗುವಿನ ಎತ್ತರ ಅದು. ಅಷ್ಟು ಹಳೆಯ ದಾಖಲೆ ಉಳಿದಿರುವುದು ಅಸಾಧ್ಯವೇನಲ್ಲ, ಆದರೆ ಎತ್ತರವನ್ನು ಕೇಳದ ದ್ರವದ ಲೆಕ್ಕವೂ ಕಡಿಮೆ ಬಂದಿರುವುದನ್ನು ಅದು ವಿವರಿಸುವುದಿಲ್ಲ. ಹಳೆಯ ತೂಕ ಎಂಬ ಒಂದೇ ಕಾರಣ ಎರಡನ್ನೂ ವಿವರಿಸುತ್ತದೆ. ಎತ್ತರ 118ರ ಆಸುಪಾಸಿನಲ್ಲೇ ಇತ್ತೆಂದರೆ ಆ 19.0 ಬಹಳ ಹಿಂದಿನದೂ ಅಲ್ಲ. ಕೆಲವು ದಿನ ಅಥವಾ ವಾರಗಳ ಹಿಂದೆ ಒಪಿಡಿಯಲ್ಲಿ ತೂಗಿದ್ದಿರಬೇಕು. ತೂಕದ ಹಳೆಯ ನಮೂದುಗಳನ್ನು ತೆರೆದು ನೋಡಿ, ಸಿಗುತ್ತದೆ.

ಹೀಗಾಗಲು ಕಾರಣ ತಂತ್ರಾಂಶದ ರಚನೆ. ಕೆಲವು ಅಂಕಿಗಳನ್ನು ಪರದೆ ತೆರೆದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿ ತೋರಿಸುವಂತೆ, ಇನ್ನು ಕೆಲವನ್ನು ಒಮ್ಮೆ ಲೆಕ್ಕ ಹಾಕಿ ಉಳಿಸಿಡುವಂತೆ ಬರೆದಿರುತ್ತಾರೆ. ಬಿಎಂಐ ಸಾಮಾನ್ಯವಾಗಿ ಮೊದಲ ಬಗೆಯದು. ಔಷಧಿಯ ಆದೇಶಕ್ಕೆ ಅಂಟಿಕೊಂಡ ಬಿಎಸ್‌ಎ ಮತ್ತು ದ್ರವ ಹಲವು ಕಡೆ ಎರಡನೆಯ ಬಗೆಯವು. ಆದೇಶ ಬರೆದ ದಿನ ಯಾವ ತೂಕದ ಮೇಲೆ ಬರೆದರು ಎಂಬುದು ದಾಖಲೆಯಲ್ಲಿ ಉಳಿಯಬೇಕು ಎಂಬ ಸದುದ್ದೇಶ ಅದರ ಹಿಂದಿದೆ. ಆದರೆ ಅಂಕಿಯ ಪಕ್ಕದಲ್ಲಿ ಅದು ಯಾವ ದಿನದ ಯಾವ ತೂಕದಿಂದ ಬಂತು ಎಂದು ಮುದ್ರಿಸದೆ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಓದುವವರು ಏನು ಮಾಡಬೇಕು? ನಿಮ್ಮ ಐಟಿ ವಿಭಾಗಕ್ಕೆ ಹೇಳಬೇಕಾದದ್ದು ಇಷ್ಟೇ: ಬಿಎಸ್‌ಎ ಪಕ್ಕದಲ್ಲಿ ತೂಕ ಮತ್ತು ದಿನಾಂಕ ಮುದ್ರಿಸಿ.

ಈಗ ಆಗಲೇ ಹೇಳಿದ "ಎರಡರಷ್ಟು" ವಿಷಯ. ತೂಕ 21.6ರಿಂದ 19.0ಕ್ಕೆ ಇಳಿದರೆ ಶೇ 12 ಕಡಿಮೆಯಾಯಿತು. ಬಿಎಸ್‌ಎ ಇಳಿದದ್ದು ಶೇ 6 ಮಾತ್ರ. ವರ್ಗಮೂಲವು ತಪ್ಪನ್ನು ಅರ್ಧಕ್ಕೆ ಇಳಿಸುತ್ತದೆ. ಇದನ್ನು ಒಳ್ಳೆಯ ಗುಣವೆಂದು ಪಠ್ಯಗಳು ಹೊಗಳುತ್ತವೆ. ಪರಿಶೀಲಿಸುವವರಿಗೆ ಅದೇ ತೊಡಕು. ಬಿಎಸ್‌ಎ ದೃಷ್ಟಿ ಮಂದ. ದೊಡ್ಡ ತಪ್ಪನ್ನೂ ಅದು ನಂಬುವಂಥ ಅಂಕಿಯಾಗಿ ಮಾಡಿ ಮುಂದಿಡುತ್ತದೆ. ಬಿಎಂಐ ಇದಕ್ಕೆ ತದ್ವಿರುದ್ಧ. ಅದರಲ್ಲಿ ಎತ್ತರದ ವರ್ಗ ಇರುವುದರಿಂದ ಎತ್ತರದ ತಪ್ಪು ಹೆಚ್ಚುಕಡಿಮೆ ಇಮ್ಮಡಿಯಾಗಿ ಕಾಣುತ್ತದೆ.

ಇದೇ ಹುಡುಗಿಯ ಎತ್ತರ 118ರ ಬದಲು ಬೆರಳು ತಪ್ಪಿ 181 ಎಂದು ಬಿದ್ದಿದೆ ಎಂದುಕೊಳ್ಳಿ. ಬಿಎಸ್‌ಎ 1.04 ಆಗುತ್ತದೆ. ಆ ಅಂಕಿಯನ್ನಷ್ಟೇ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹತ್ತು ವರ್ಷದ ಮಕ್ಕಳಲ್ಲಿ ದಿನವೂ ನೋಡುವ ಅಂಕಿ. ಆದರೆ ಬಿಎಸ್‌ಎ ಮೇಲೆ ಕೊಡುವ ಪ್ರತಿ ಔಷಧಿಯೂ ಶೇ 24 ಹೆಚ್ಚಾಗುತ್ತದೆ. ದ್ರವದ ಅಂಕಿ ಅಲುಗಾಡುವುದೇ ಇಲ್ಲ. ಬಿಎಂಐ ಮಾತ್ರ 6.6 ಎಂದು ಕೂಗುತ್ತದೆ. ಅಂಥ ಬಿಎಂಐ ಇರುವ ಮಗು ವಾರ್ಡಿನಲ್ಲಿ ಕುಳಿತು ಇಡ್ಲಿ ತಿನ್ನುತ್ತಿರಲು ಸಾಧ್ಯವಿಲ್ಲ.

ಇನ್ನೂ ಸ್ವಾರಸ್ಯದ ತಪ್ಪೊಂದಿದೆ: ಎತ್ತರದ ಚೌಕದಲ್ಲಿ ತೂಕ, ತೂಕದ ಚೌಕದಲ್ಲಿ ಎತ್ತರ. ಮೋಸ್ಟೆಲರ್ ಸೂತ್ರ ಎರಡನ್ನೂ ಗುಣಿಸುವುದರಿಂದ ಅದಲುಬದಲಾದರೂ ಬಿಎಸ್‌ಎ ಅದೇ 0.84. ಅದಕ್ಕೆ ಗೊತ್ತೇ ಆಗುವುದಿಲ್ಲ. ದ್ರವ 3460 ಮಿ.ಲೀ. ಆಗುತ್ತದೆ, ಬಿಎಂಐ ಎರಡು ಸಾವಿರ ದಾಟುತ್ತದೆ. ಬಿಎಸ್‌ಎಯನ್ನು ಮಾತ್ರ ತಾಳೆ ನೋಡಿ ಸಹಿ ಹಾಕುವವರು ಈ ಹಾಳೆಗೂ ಸಹಿ ಹಾಕಿರುತ್ತಾರೆ.

ದೊಡ್ಡವರ ವಾರ್ಡಿನಲ್ಲಿ ನಾನು ಕಂಡದ್ದು ಇದರ ನಮ್ಮೂರ ರೂಪ. ನಮ್ಮಲ್ಲಿ ಎತ್ತರ ಕೇಳಿದರೆ ಯಾರೂ ಸೆಂಟಿಮೀಟರಿನಲ್ಲಿ ಹೇಳುವುದಿಲ್ಲ, ಅಡಿ ಅಂಗುಲದಲ್ಲೇ ಹೇಳುತ್ತಾರೆ. ಹಿಂದೆ ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯ ತಂತ್ರಾಂಶದಲ್ಲಿ ಅಡಿ ಎಂಬ ಒಂದೇ ಚೌಕವಿತ್ತು. 5 ಅಡಿ 11 ಅಂಗುಲದ, 70 ಕೆಜಿಯ ಒಬ್ಬರಿಗೆ ಯಾರೋ 5.11 ಎಂದು ತುಂಬಿದ್ದರು. ಯಂತ್ರದ ಮಟ್ಟಿಗೆ ಅದು ಐದು ಅಡಿಯ ಮೇಲೆ ನೂರರಲ್ಲಿ ಹನ್ನೊಂದು ಪಾಲು, ಅಂದರೆ 155.8 ಸೆಂ.ಮೀ. ನಿಜವಾದ ಎತ್ತರ 180.3. ಬಿಎಸ್‌ಎ 1.87 ಇರಬೇಕಾದಲ್ಲಿ 1.74 ಬಂತು; ಕಿಮೋಥೆರಪಿಯ ಎರಡು ಸುತ್ತು ಶೇ 7 ಕಡಿಮೆ ಪ್ರಮಾಣದಲ್ಲಿ ಮುಗಿದವು, ಯಾರಿಗೂ ಹೊಳೆಯಲಿಲ್ಲ. ಮೂರನೆಯ ಸುತ್ತಿಗೆ ಮುನ್ನ ಆಹಾರ ತಜ್ಞೆ ಬಂದು, ಬಿಎಂಐ 28.9 ಎಂದಿದೆ, ಹಾಸಿಗೆಯಲ್ಲಿರುವವರು ಕಡ್ಡಿಯಂತಿದ್ದಾರೆ, ಇದು ಯಾರ ಹಾಳೆ ಎಂದು ಕೇಳಿದರು. ನಿಜವಾದ ಬಿಎಂಐ 21.5. ಅಂದಿನಿಂದ ನಾನು ಬಿಎಸ್‌ಎಗೆ ಸಹಿ ಹಾಕುವ ಮುನ್ನ ಬಿಎಂಐ ಓದಿ, ತಲೆಯೆತ್ತಿ ರೋಗಿಯನ್ನು ಒಮ್ಮೆ ನೋಡುತ್ತೇನೆ.

ಮಕ್ಕಳಲ್ಲಿ ಎತ್ತರದ ತಪ್ಪು ಹಿಡಿಯಲು ಇನ್ನೊಂದು ಸಣ್ಣ ಉಪಾಯವಿದೆ. ತೂಕವೊಂದರಿಂದಲೇ ಬಿಎಸ್‌ಎಯನ್ನು ಅಂದಾಜಿಸುವ ಸೂತ್ರ:

```
BSA ≈ (4 × ತೂಕ + 7) ÷ (ತೂಕ + 90)
```

21.6ಕ್ಕೆ 93.4 ಭಾಗಿಸು 111.6, ಅಂದರೆ 0.84. ಇದು ಡೋಸ್ ಬರೆಯಲು ಅಲ್ಲ, ಕಾವಲಿಗೆ ಮಾತ್ರ. ಎತ್ತರ ಸೇರಿಸಿದ ಬಿಎಸ್‌ಎಗೂ ಇದಕ್ಕೂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಂತರ ಕಂಡರೆ ಅಳತೆಪಟ್ಟಿ ಹುಡುಕಿಕೊಂಡು ಹೊರಡಿ. ಮೇಲಿನ 181ರ ತಪ್ಪಿನಲ್ಲಿ 1.04 ಎದುರು 0.84 ನಿಲ್ಲುತ್ತಿತ್ತು.

ಇಷ್ಟೆಲ್ಲ ಲೆಕ್ಕದ ಮಾತಾಯಿತು. ಈಗ ನಿಮ್ಮ ಮಗುವಿನ ಬಳಿಗೆ ಬರೋಣ, ಏಕೆಂದರೆ ಈ ಲೆಕ್ಕದಿಂದ ಹೊರಬಿದ್ದ ನಿಜವಾದ ಸುದ್ದಿ 0.79 ಅಥವಾ 0.84 ಅಲ್ಲ. ಕೆಲವೇ ದಿನ ಅಥವಾ ವಾರಗಳಲ್ಲಿ ಮಗು 2.6 ಕೆಜಿ ಹೆಚ್ಚಾಗಿದೆ. ಈ ವಯಸ್ಸಿನಲ್ಲಿ ಮಕ್ಕಳು ಇಡೀ ವರ್ಷಕ್ಕೆ ಹೆಚ್ಚುವ ತೂಕ ಅದು. ಮುಖ, ಕಾಲು ಊದಿರುವ ಮಗುವಿನಲ್ಲಿ ಅದು ಮಾಂಸವೂ ಅಲ್ಲ, ಕೊಬ್ಬೂ ಅಲ್ಲ, ನೀರು: ಸುಮಾರು ಎರಡೂವರೆ ಲೀಟರ್. ಅಥವಾ ಒಪಿಡಿಯ ಯಂತ್ರಕ್ಕೂ ವಾರ್ಡಿನ ಯಂತ್ರಕ್ಕೂ ಹೊಂದಾಣಿಕೆಯಿಲ್ಲ. ಎರಡರಲ್ಲಿ ಯಾವುದು, ಅಥವಾ ಎರಡೂ ಸ್ವಲ್ಪ ಸ್ವಲ್ಪವೋ, ಎಂದು ಕಂಪ್ಯೂಟರ್ ಹೇಳಲಾರದು.

ಆದ್ದರಿಂದ ಮೊದಲ ಕೆಲಸ ಮತ್ತೆ ತೂಗುವುದು. ಬೆಳಿಗ್ಗೆ, ಮೂತ್ರ ಮಾಡಿಸಿದ ಮೇಲೆ, ತಿಂಡಿಗೆ ಮುಂಚೆ, ತೆಳು ಬಟ್ಟೆಯಲ್ಲಿ. ಕೈಗೆ ಕಟ್ಟಿದ ಸ್ಪ್ಲಿಂಟ್ ಇದ್ದರೆ ಅಂಥದ್ದೇ ಇನ್ನೊಂದನ್ನು ತೂಗಿ ಕಳೆಯಿರಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಮಗು ಹತ್ತುವ ಮೊದಲು ಸೊನ್ನೆ ತೋರಿಸಲಿ. ಅಮ್ಮನ ಕೈ ಹಿಡಿದುಕೊಂಡು ನಿಂತ ಮಗುವಿನ ತೂಕವನ್ನು ಎಂದೂ ಬರೆಯಬೇಡಿ. ನಮ್ಮ ವಾರ್ಡಿನಲ್ಲಿ ಸಲೈನ್ ಬಾಟಲಿಗಳ ಒಡೆಯದ ಪೆಟ್ಟಿಗೆಯೊಂದನ್ನು ಇದಕ್ಕೆಂದೇ ಇಟ್ಟಿದ್ದೆವು. ವಾರಕ್ಕೊಮ್ಮೆ ಅದನ್ನು ಒಪಿಡಿಯ ಯಂತ್ರದಲ್ಲೂ ವಾರ್ಡಿನ ಯಂತ್ರದಲ್ಲೂ ಇಟ್ಟು ಅಂಕಿ ಬರೆದಿಡುತ್ತಿದ್ದೆವು. ಪೆಟ್ಟಿಗೆ ಎಷ್ಟು ಕೆಜಿ ಎಂಬುದು ಮುಖ್ಯವಲ್ಲ. ಎರಡೂ ಕಡೆ ಒಂದೇ ಅಂಕಿ ಬರಬೇಕು, ಅಷ್ಟೆ. ಎತ್ತರವನ್ನೂ ಒಮ್ಮೆ ಗೋಡೆಯ ಅಳತೆಕೋಲಿನಲ್ಲಿ ನೋಡಿಬಿಡಿ: ಬರಿಗಾಲು, ಹಿಮ್ಮಡಿ ಗೋಡೆಗೆ, ಜಡೆ ಬಿಚ್ಚಿ. ನೆತ್ತಿಯ ಮೇಲಿನ ತುರುಬು ಮೂರು ಸೆಂಟಿಮೀಟರ್ ಕೊಡುವುದನ್ನು ಕಂಡಿದ್ದೇನೆ.

ಯಂತ್ರಗಳು ಸರಿಯಿದ್ದು ಮತ್ತೆಯೂ 21.6 ಬಂತೆನ್ನಿ. ಆಗ ಆ ತೂಕ ನಿಜ, ಆದರೆ ಅದು ಡೋಸ್ ಲೆಕ್ಕದ ತೂಕವಲ್ಲ. ಬಾವಿರುವ ಮಗುವಿಗೆ ಬಿಎಸ್‌ಎ ಲೆಕ್ಕವನ್ನು ಬಾವಿಲ್ಲದಾಗಿನ ತೂಕದ ಮೇಲೆ ಮಾಡುವುದು ರೂಢಿ. ಅದು ತಿಳಿಯದಿದ್ದರೆ ಆ ಎತ್ತರದ ಮಗುವಿಗೆ ಇರಬೇಕಾದ ತೂಕವನ್ನು ಹಿಡಿಯುತ್ತಾರೆ. ಔಷಧಿ ಹೋಗಿ ಕೆಲಸ ಮಾಡಬೇಕಾದದ್ದು ಮಗುವಿನಲ್ಲಿ, ಚರ್ಮದಡಿ ನಿಂತ ನೀರಿನಲ್ಲಲ್ಲ. ಹೀಗೆ ನೋಡಿದರೆ ಹಾಳೆಯ ಹಳೆಯ 0.79, ತಿಳಿಯದೆ ಬಂದದ್ದಾದರೂ, ಈ ಮಗುವಿಗೆ ಹೆಚ್ಚು ಒಪ್ಪುವ ಅಂಕಿ. ನೀವು ಬಿಎಸ್‌ಎಯನ್ನು 0.84 ಎಂದು ತಿದ್ದಿದ್ದರೆ ಲೆಕ್ಕ ಸರಿಹೋಗಿ ಬಳಕೆ ತಪ್ಪುತ್ತಿತ್ತು.

ಎಷ್ಟು ವ್ಯತ್ಯಾಸವಾಗುತ್ತಿತ್ತು ಎಂಬುದನ್ನೂ ನೋಡಿ, ಗಾಬರಿ ಬೇಡ. ಮೊದಲ ಬಾರಿಯ ನೆಫ್ರಾಟಿಕ್ ಸಿಂಡ್ರೋಮಿಗೆ ನಮ್ಮ ದೇಶದ ಮಾರ್ಗಸೂಚಿಯಲ್ಲಿ ಪ್ರೆಡ್ನಿಸೊಲೋನ್ ದಿನಕ್ಕೆ ಚದರ ಮೀಟರಿಗೆ 60 ಮಿ.ಗ್ರಾಂ., ಒಟ್ಟು 60 ಮೀರದಂತೆ. 0.79ಕ್ಕೆ 47.4 ಮಿ.ಗ್ರಾಂ., 0.84ಕ್ಕೆ 50.4. ಐದು ಮತ್ತು ಹತ್ತು ಮಿ.ಗ್ರಾಂ. ಮಾತ್ರೆಗಳಿಗೆ ಹೊಂದಿಸುವಾಗ ವೈದ್ಯರು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಚೀಟಿ ಬರೆಯುತ್ತಾರೆ. ಆದೇಶವನ್ನು ಕೆಜಿ ಲೆಕ್ಕದಲ್ಲಿ, ಅಂದರೆ ಕೆಜಿಗೆ 2 ಮಿ.ಗ್ರಾಂ. ಎಂದು ಬರೆದಿದ್ದರೆ ಮಾತ್ರ 38 ಮತ್ತು 43ರ ಅಂತರ ಬರುತ್ತದೆ. ಆದ್ದರಿಂದ ಚೀಟಿಯಲ್ಲಿ ಯಾವ ಲೆಕ್ಕ ಹಿಡಿದಿದ್ದಾರೆ ಎಂಬುದನ್ನು ಓದಿಕೊಳ್ಳಿ.

ಬಿಎಂಐ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮ. 15.5 ಎಂಬುದು ನೀವು ತಾಳೆ ನೋಡಿ "ಸರಿ" ಎಂದ ಒಂದೇ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಏಳು ವರ್ಷದ ಹುಡುಗಿಯರ ನಡುಬಿಂದು ಸುಮಾರು 15.4, ಅಂದರೆ ಹಾಳೆ ಓದಿದವರಿಗೆ ಈ ಮಗು ಮೈಕೈ ತುಂಬಿಕೊಂಡು ಚೆನ್ನಾಗಿದೆ ಎನಿಸುತ್ತದೆ. ನೀರು ತೆಗೆದರೆ ಉಳಿಯುವುದು 13.6, ತೆಳ್ಳನೆಯ ಮಗು. ಹೀಗೆ ಬಾವು ಕ್ಷೀಣತೆಯನ್ನು ಮುಚ್ಚಿಬಿಡುತ್ತದೆ. ಆಹಾರದ ಸಲಹೆ ಬರೆಯುವವರಿಗೆ 13.6 ತಲುಪಬೇಕು. ಇದೇ ಜಾಗದಲ್ಲಿ ನಿಮ್ಮ ತಂತ್ರಾಂಶ ಬಿಎಂಐ ಪಕ್ಕದಲ್ಲಿ "ಕಡಿಮೆ ತೂಕ" ಎಂದು ಕೆಂಪು ಅಕ್ಷರದಲ್ಲಿ ಬರೆಯುತ್ತಿದೆಯೇ ಎಂದೂ ನೋಡಿ. ದೊಡ್ಡವರ 18.5ರ ಗೆರೆಯನ್ನು ಮಕ್ಕಳಿಗೂ ಎಳೆದಿದ್ದರೆ ವಾರ್ಡಿನ ಬಹುಪಾಲು ಮಕ್ಕಳು ಕೆಂಪಾಗಿ ಕಾಣುತ್ತಾರೆ, ಕೊನೆಗೆ ಆ ಕೆಂಪನ್ನು ಯಾರೂ ಓದುವುದಿಲ್ಲ. ಮಕ್ಕಳ ಬಿಎಂಐಯನ್ನು ವಯಸ್ಸು ಮತ್ತು ಹೆಣ್ಣು ಗಂಡಿನ ಪಟ್ಟಿಯಲ್ಲೇ ಇಟ್ಟು ನೋಡಬೇಕು. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಪಟ್ಟಿಗಳಿವೆ.

ಉಳಿದದ್ದು ದ್ರವ, ಮತ್ತು ನನಗೆ ನಿಜವಾದ ಆತಂಕ ಇರುವುದು ಇಲ್ಲಿ. 1450 ಮತ್ತು 1532ರ ನಡುವಿನ 82 ಮಿ.ಲೀ. ಅರ್ಧ ಲೋಟವೂ ಅಲ್ಲ. ಇಪ್ಪತ್ತು ಕೆಜಿ ದಾಟಿದ ಮೇಲೆ ಈ ಲೆಕ್ಕ ತೂಕದ ತಪ್ಪಿಗೆ ಬಹಳ ಸೋಮಾರಿ: ಕೆಜಿಗೆ ಇಪ್ಪತ್ತೇ ಮಿ.ಲೀ. ಕದಲುತ್ತದೆ. ಹಾಗಾಗಿ ದೊಡ್ಡ ಮಕ್ಕಳಲ್ಲಿ ದ್ರವದ ಅಂಕಿ ತಾಳೆಯಾಯಿತೆಂದು ತೂಕ ಸರಿಯೆಂದು ತಿಳಿಯಬೇಡಿ. ಗಂಟೆಯ ಲೆಕ್ಕದಿಂದ ಬರುವವರಿಗೆ ಇನ್ನೊಂದು ಅಂತರ ಕಾಣುತ್ತದೆ. 4-2-1 ಎಂದು ಎಣಿಸಿದರೆ 21.6 ಕೆಜಿಗೆ ಗಂಟೆಗೆ 61.6, ದಿನಕ್ಕೆ 1478 ಮಿ.ಲೀ. ಬರುತ್ತದೆ, 1532 ಅಲ್ಲ. ನೂರನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಬರುವ 4.17ನ್ನು ನಾಲ್ಕೆಂದು ಹಿಡಿದದ್ದರ ಫಲ ಅದು; ತಪ್ಪಲ್ಲ. ಮೇಲ್ಮೈ ಲೆಕ್ಕದಿಂದ ಚದರ ಮೀಟರಿಗೆ 1500 ಎಂದು ಹೋದರೆ ಇನ್ನೂ ಕಡಿಮೆ, 1260ರ ಆಸುಪಾಸು. ಇವೆಲ್ಲ ಒಂದೇ ಪ್ರಶ್ನೆಗೆ ಸ್ಥೂಲ ಉತ್ತರಗಳು. ಆ ಪ್ರಶ್ನೆ ಏನು ಎಂಬುದೇ ಮುಖ್ಯ.

ಹಾಲಿಡೇ, ಸೆಗರ್ ಕೇಳಿದ ಪ್ರಶ್ನೆ: ಬಾಯಿಂದ ಏನೂ ತೆಗೆದುಕೊಳ್ಳದ, ಮೂತ್ರಪಿಂಡ ಸರಿಯಿರುವ ಮಗುವಿಗೆ ದಿನಕ್ಕೆ ಎಷ್ಟು ನೀರು ಬೇಕು? ಮಗು ಸುಡುವ ಪ್ರತಿ 100 ಕ್ಯಾಲೊರಿಗೆ 100 ಮಿ.ಲೀ. ನೀರು ಎಂಬ ಅಂದಾಜಿನ ಮೇಲೆ ಆ ಲೆಕ್ಕ ನಿಂತಿದೆ. ನಿಮ್ಮ ಹುಡುಗಿ ಆ ಪ್ರಶ್ನೆಯೊಳಗೆ ಬರುವುದೇ ಇಲ್ಲ. ಅವಳು ಊಟ ಮಾಡುತ್ತಾಳೆ, ನೀರು ಕುಡಿಯುತ್ತಾಳೆ, ಮತ್ತು ಒಳಗೆ ಹೋದ ನೀರು ಮೂತ್ರವಾಗಿ ಹೊರಬರದೆ ಚರ್ಮದಡಿ ನಿಲ್ಲುತ್ತಿದೆ. ಅವಳಿಗೆ 1450 ಅಥವಾ 1532 ಎಂದು ಡ್ರಿಪ್ ಹಾಕಿದರೆ ಬಾವು ಏರುತ್ತದೆ. ಮೂತ್ರ ತೀರಾ ಕಡಿಮೆಯಿರುವ ಮಗುವಿಗೆ ಬೇರೆ ದಾರಿಯಲ್ಲಿ ಎಣಿಸುತ್ತಾರೆ: ಉಸಿರು ಮತ್ತು ಚರ್ಮದಿಂದ ಅರಿವಿಲ್ಲದೆ ಹೋಗುವ ನೀರಿಗೆ ಚದರ ಮೀಟರಿಗೆ ಸುಮಾರು 400 ಮಿ.ಲೀ., ಅದಕ್ಕೆ ಹಿಂದಿನ ದಿನದ ಮೂತ್ರದಷ್ಟು ಸೇರಿಸಿ. 0.79ಕ್ಕೆ 316 ಮಿ.ಲೀ. ನಿನ್ನೆ 350 ಮಿ.ಲೀ. ಮೂತ್ರವಾಗಿದ್ದರೆ ಒಟ್ಟು 666. ಹಾಳೆಯ ಅಂಕಿಯ ಅರ್ಧಕ್ಕಿಂತ ಕಡಿಮೆ. ಬಾಯಿಂದ ಕುಡಿದದ್ದು, ಔಷಧಿ ಕರಗಿಸಿದ ನೀರು, ಗಂಜಿ, ಹಾಲು ಎಲ್ಲ ಆ 666ರೊಳಗೇ.

ಆದರೆ ಇದನ್ನು ನೀವಾಗಿ ಜಾರಿಗೆ ತರಬೇಡಿ. ನೆಫ್ರಾಟಿಕ್ ಮಕ್ಕಳಲ್ಲಿ ಮೈ ತುಂಬ ನೀರಿದ್ದೂ ರಕ್ತನಾಳದೊಳಗೆ ನೀರಿನ ಕೊರತೆ ಇರುವುದುಂಟು. ಕೈಕಾಲು ತಣ್ಣಗಿದ್ದು, ನಾಡಿ ವೇಗವಾಗಿ ಸಣ್ಣದಾಗಿ ಬಡಿಯುತ್ತಿದ್ದು, ಹೊಟ್ಟೆನೋವು ಎನ್ನುತ್ತಿದ್ದರೆ ನೀರು ಕಡಿತ ಮಾಡುವುದೇ ಅಪಾಯ. ಅದನ್ನು ಮಗುವನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು. ನೀವು ಡ್ಯೂಟಿ ಡಾಕ್ಟರರನ್ನು ಕೇಳಬೇಕಾದ ಪ್ರಶ್ನೆಯೂ ಈಗ ಬದಲಾಯಿತು. "1450 ಸರಿಯೋ 1532 ಸರಿಯೋ" ಎಂದು ಕೇಳಿದರೆ ಅವರು ಮತ್ತೆ ಸೂತ್ರದ ಮಾತಾಡುತ್ತಾರೆ. "ಸರ್, ಒಪಿಡಿಯಲ್ಲಿ 19.0 ಇದ್ದ ಮಗು ಈಗ 21.6 ಇದೆ. ನಿನ್ನೆಯಿಂದ ಇಷ್ಟು ಮೂತ್ರವಾಗಿದೆ, ಬಿಪಿ ಇಷ್ಟಿದೆ. ದ್ರವ ಎಷ್ಟಕ್ಕೆ ಮಿತಿ?" ಎಂದು ಕೇಳಿ.

ದಾಖಲೆಯಲ್ಲಿ 19.0 ಅನ್ನು ಅಳಿಸಬೇಡಿ, 21.6 ಅನ್ನೂ ಅಳಿಸಬೇಡಿ. ಎರಡಕ್ಕೂ ದಿನಾಂಕ, ಸಮಯ, ಯಾವ ಯಂತ್ರ ಎಂದು ಸೇರಿಸಿ. ವೈದ್ಯರು ಒಪ್ಪಿದ ಮೇಲೆ ಹೀಗೊಂದು ಸಾಲು ಬರೆಸಿಕೊಳ್ಳಿ: "ಡೋಸ್ ಲೆಕ್ಕದ ತೂಕ 19.0 ಕೆಜಿ, ಬಾವಿಗೆ ಮುನ್ನಿನದು, ಬಿಎಸ್‌ಎ 0.79, ದ್ರವ ಸೂತ್ರದಿಂದಲ್ಲ, ಆದೇಶದಂತೆ." ದಿನವೂ ತೂಗಿದ್ದನ್ನು ಬೇರೆ ಸಾಲಿನಲ್ಲಿ ಏರಿಸುತ್ತಾ ಹೋಗಿ. ಆ ಸಾಲು ಡೋಸಿಗಲ್ಲ, ಬಾವು ಇಳಿಯುತ್ತಿದೆಯೇ ಎಂದು ತಿಳಿಯಲು. ಪ್ರತಿದಿನದ ಹೊಸ ತೂಕಕ್ಕೆ ತಂತ್ರಾಂಶ ತಾನಾಗಿ ಬಿಎಸ್‌ಎ ಬದಲಿಸುತ್ತಿದ್ದರೆ ಫಾರ್ಮಸಿಗೂ ಈ ವಿಷಯ ತಿಳಿಸಿ, ಇಲ್ಲದಿದ್ದರೆ ನಾಳೆ ಅವರು ನಿಮ್ಮನ್ನು ಫೋನಿನಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ.

ಒಂದು ಮಾತು ಉಳಿಯಿತು. ಒಪಿಡಿಯ 19.0 ಕೂಡ ಪೂರ್ತಿ ಒಣ ತೂಕ ಎಂದು ನಾನು ಪ್ರಮಾಣ ಮಾಡಲಾರೆ. ಅಂದೇ ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳಲು ಶುರುವಾಗಿದ್ದರೆ ಅದರಲ್ಲೂ ಸ್ವಲ್ಪ ನೀರು ಸೇರಿರುತ್ತದೆ. ತಾಯಿಯನ್ನು ಕೇಳಿ, ಅವರಿಗೆ ನೆನಪಿರುತ್ತದೆ. ಸ್ಟಿರಾಯ್ಡ್ ಹಿಡಿದರೆ ಮುಂದಿನ ಒಂದೆರಡು ವಾರಗಳಲ್ಲಿ ಮಗು ಮೂತ್ರ ಸುರಿಸಿ ಇಳಿಯುತ್ತದೆ. ಮೂತ್ರದ ಪ್ರೋಟೀನ್ ಮೂರು ದಿನ ಸತತವಾಗಿ ಇಲ್ಲ ಅಥವಾ ಅತ್ಯಲ್ಪ ಎಂದು ಬಂದು, ಬಾವು ಇಳಿದ ಬೆಳಿಗ್ಗೆ ಮತ್ತೊಮ್ಮೆ ತೂಗಿ. 18.4 ಬಂದರೆ 18.4. ಆ ಅಂಕಿಯನ್ನು ದಿನಾಂಕದೊಂದಿಗೆ ಡಿಸ್ಚಾರ್ಜ್ ಚೀಟಿಯಲ್ಲೂ ತಾಯಿಯ ಪುಸ್ತಕದಲ್ಲೂ ಬರೆದುಕೊಡಿ. ಈ ಕಾಯಿಲೆ ಮರುಕಳಿಸುವುದು ಸಾಮಾನ್ಯ, ಮುಂದಿನ ಬಾರಿ ಮಗು ಊದಿಕೊಂಡು ಬಂದಾಗ ಡ್ಯೂಟಿಯಲ್ಲಿರುವವರು ಬಿಎಸ್‌ಎಗೆ ಹುಡುಕುವುದು ಅದನ್ನೇ.